ಹೂವಮ್ಮನ ದೂರು

ಭದ್ರಾವತಿ ನ್ಯೂಟೌನಿನ ಸಮತಾ ದಿನವೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ಒಂದು ಮೊಬೈಲ್ ಕಂಪನಿಯ ಕಾಲ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ೨೦೦೮ರ ಮಾತು. ಶಿಫ್ಟಿಗೆ ಹನ್ನೆರಡೇ ಜನ. ಒಂದು ಕರೆ ಮುಗಿದರೆ ಮೂವತ್ತು ಸೆಕೆಂಡು ರ‍್ಯಾಪ್ಅಪ್. ಅಷ್ಟರಲ್ಲಿ ಗ್ರಾಹಕರು ಹೇಳಿದ್ದನ್ನು ಟೈಪು ಮಾಡಿ, ಒಂದು ಕೋಡ್ ಹಾಕಿ, ದೂರಿದ್ದರೆ ಆ ವಿಭಾಗಕ್ಕೆ ಕಳಿಸಬೇಕು. ಆಮೇಲೆ ಕಿವಿಯಲ್ಲಿ ಬೀಪ್ ಅಂದು ಮುಂದಿನ ಕರೆ ತಾನಾಗಿ ಬಂದುಬಿಡುತ್ತಿತ್ತು. ಗುಂಡಿ ಒತ್ತಿ ತಡೆಯಬಹುದಿತ್ತು, ಆದರೆ ಆ ಹೊತ್ತೆಲ್ಲ ಅವರವರ ಸರಾಸರಿಗೆ ಸೇರುತ್ತಿತ್ತು. ಸಮತಾಳ ಸರಾಸರಿ ಐವತ್ತು ಸೆಕೆಂಡು ದಾಟಿತ್ತು. ಟೀಮ್ ಲೀಡರ್ ಆನಂದ ಆ ಸೋಮವಾರ ಎಲ್ಲರೆದುರು ಅದನ್ನು ಓದಿ ಹೇಳಿದ್ದ.

ಅವತ್ತೇ ಮಧ್ಯಾಹ್ನ ಹೂವಮ್ಮ ಎಂಬವರ ಕರೆ ಬಂತು. ಗಂಡ ಶೇಷಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಫೋನು ಈಗ ಹೂವಮ್ಮನ ಹತ್ತಿರವಿತ್ತು.

"ದಿನಾ ನಿಮ್ಮೋರು ಫೋನ್ ಮಾಡಿ, ಶೇಷಪ್ಪನೋರಿದಾರಾ, ಹೊಸ ಸ್ಕೀಮ್ ಬಂದಿದೆ ಅಂತಾರೆ. ಇಲ್ಲ ಅಂತ ದಿನಾ ಹೇಳೋಕಾಗಲ್ಲ ಕಣಮ್ಮಾ."

"ಇನ್ಮೇಲೆ ಬರಲ್ಲಮ್ಮಾ, ನಾನು ನಿಲ್ಲಿಸ್ತೀನಿ," ಎಂದಳು ಸಮತಾ. ಮನಸ್ಸಿನಿಂದಲೇ ಹೇಳಿದ್ದಳು.

ಆ ಕೋರಿಕೆ ಕಳಿಸಲು ಬೇರೆ ಫಾರಂ ತೆರೆಯಬೇಕು, ಒಂದೂವರೆ ನಿಮಿಷವಾದರೂ ಬೇಕು. ಗೋಡೆಯ ಬೋರ್ಡಿನ ಪ್ರಕಾರ ಹದಿನೆಂಟು ಗ್ರಾಹಕರು ಲೈನಿನಲ್ಲಿ ಕಾಯುತ್ತಿದ್ದರು. ಸಮತಾ 'ಮಾಹಿತಿ ನೀಡಲಾಗಿದೆ' ಎಂಬ ಕೋಡ್ ಒತ್ತಿ, ಟಿಪ್ಪಣಿ ಖಾಲಿ ಬಿಟ್ಟಳು. ಊಟದ ಹೊತ್ತಿಗೆ ಮಾಡೋಣ ಎಂದುಕೊಂಡಳು. ಬೀಪ್. ಊಟದ ಹೊತ್ತಿಗೆ ಮರೆತೇಹೋಗಿತ್ತು. ಆ ವಾರವೆಲ್ಲ ಹಾಗೇ ಮಾಡಿದಳು. ಸರಾಸರಿ ಇಪ್ಪತ್ತೆರಡಕ್ಕೆ ಇಳಿಯಿತು, ಆನಂದ ಎಲ್ಲರಿಂದ ಚಪ್ಪಾಳೆ ಹೊಡೆಸಿದ.

ಹತ್ತು ದಿನದ ಮೇಲೆ ಪರದೆಯ ಮೇಲೆ ಮತ್ತೆ ಶೇಷಪ್ಪ ಎಂಬ ಹೆಸರು ಮೂಡಿತು. ಹಿಂದಿನ ಕರೆಯ ಸಾಲಿನಲ್ಲಿ ಇದ್ದದ್ದು ಅವಳದೇ ಐಡಿ, ಪಕ್ಕದಲ್ಲಿ ಖಾಲಿ ಜಾಗ.

ಹೂವಮ್ಮ ಎಲ್ಲವನ್ನೂ ಮೊದಲಿನಿಂದ ಹೇಳಿದರು. ತೀರಿಕೊಂಡ ದಿನವನ್ನೂ ಹೇಳಿದರು. "ನಿನ್ನೆನೂ ಬಂತಮ್ಮಾ. ಹೋದ್ಸಲ ಒಬ್ಬ ಹುಡುಗಿ ನಿಲ್ಲಿಸ್ತೀನಿ ಅಂದಿದ್ಲು. ನೀನೇನಾ ಅದು?"

ಸಮತಾ ಪರದೆಯ ಮೇಲಿನ ತನ್ನ ಐಡಿ ನೋಡುತ್ತ ಹೇಳಿದಳು, "ಅಲ್ಲಮ್ಮಾ. ಅವರು ಬೇರೆ. ಹೊಸಬರಿರ್ಬೇಕು."

"ಪಾಪ, ಬೈಬೇಡಿ ಅವಳಿಗೆ. ಚೆನ್ನಾಗಿ ಮಾತಾಡಿದ್ಲು."

ಕರೆ ಕಡಿಯಿತು. ಸಮತಾ ಗುಂಡಿ ಒತ್ತಿ ಮುಂದಿನ ಕರೆ ತಡೆದಳು. ಫಾರಂ ತೆರೆದು ಒಂದೊಂದೇ ಕಾಲಂ ತುಂಬಿದಳು. 'ಚಂದಾದಾರರು ನಿಧನರಾಗಿದ್ದಾರೆ. ಹಿಂದಿನ ಕರೆಯಲ್ಲೇ ಕೋರಿದ್ದರು, ಕಳಿಸಿರಲಿಲ್ಲ' ಎಂದು ಬರೆದಳು.

"ಏನ್ ಮಾರಾಯ್ತಿ, ನಾಲ್ಕು ನಿಮಿಷ ಆಯ್ತು!" ಆನಂದ ಹಿಂದೆ ಬಂದು ನಿಂತಿದ್ದ.

"ಹೋದ್ಸಲ ಇವ್ರ ದೂರು ಕಳಿಸ್ದೆ ಮುಚ್ಚಿದ್ದು ನಾನೇ ಸಾರ್. ಆ ವಾರ ಇನ್ನೆಷ್ಟು ಹೀಗೇ ಮುಚ್ಚಿದೀನೋ ಗೊತ್ತಿಲ್ಲ."

ಆನಂದ ಸುತ್ತ ನೋಡಿ ದನಿ ತಗ್ಗಿಸಿದ. "ಎಲ್ಲಾರೂ ಮಾಡೋದೇ ಬಿಡು. ಕಾಲ್ ತಗೋ."

ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ನಾಲ್ಕನೇ ದಿನ ದಾಖಲೆ ತೆರೆದು ನೋಡಿದಳು. ಶೇಷಪ್ಪನ ನಂಬರನ್ನು ಸ್ಕೀಮ್ ಕರೆಗಳ ಪಟ್ಟಿಯಿಂದ ತೆಗೆದಿದ್ದರು. ಹೂವಮ್ಮನಿಗೆ ಇನ್ನು ಕರೆ ಮಾಡುವ ಕಾರಣವಿರಲಿಲ್ಲ. ಇಲ್ಲಿಂದ ಗ್ರಾಹಕರಿಗೆ ಕರೆ ಮಾಡುವಂತಿರಲಿಲ್ಲ, ಹಾಗಾಗಿ ಆ ಹುಡುಗಿ ನಾನೇ ಎಂದು ಹೇಳುವ ದಾರಿ ಸಮತಾಳಿಗೂ ಉಳಿದಿರಲಿಲ್ಲ.