ಟೀ ಕುಡಿದು ಎಣಿಸಿದ ಗಲ್ಲಾ

ಫಿಡೆಲಿಟಿ ಪಾಲಿಸಿಯ ವರ್ಷದ ಕಂತು ಆರು ಸಾವಿರ. ನೌಕರ ಮೋಸದಿಂದ ದುಡ್ಡು ಹೊಡೆದರೆ ವಿಮಾ ಕಂಪನಿ ಆ ನಷ್ಟ ಕಟ್ಟಿಕೊಡುತ್ತದೆ. ಕ್ಯಾಷಿಯರ್ ವಿಷಯದಲ್ಲಿ ಹೆಚ್ಚೆಂದರೆ ಮೂರು ಲಕ್ಷ. ಕ್ಯಾಷಿಯರ್‌ನ ಸಂಬಳ ಹದಿನಾಲ್ಕು ಸಾವಿರ, ಐದು ವರ್ಷದಿಂದ ಅಷ್ಟೇ. ಗಲ್ಲಾದಲ್ಲಿ ಕಡಿಮೆ ಬಿದ್ದದ್ದು ನಾಲ್ಕು ಲಕ್ಷ ಎಂಬತ್ತು ಸಾವಿರ. ಒಂದು ಟೀಗೆ ಹತ್ತು.

ಟೀ ಯಾಕೆ ಬಂತೆಂದರೆ, ನಮ್ಮ ಪೈಪು-ಪೇಂಟಿನ ಸಗಟು ಅಂಗಡಿಯಲ್ಲಿ ತಿಂಗಳಿಗೊಮ್ಮೆ ಗಲ್ಲಾ ತಪಾಸಣೆ ಆಗುತ್ತಿತ್ತು. ಮುನ್ಸೂಚನೆ ಕೊಡದೆ ಎಣಿಸುತ್ತೇವೆ ಎಂದು ಪಾಲಿಸಿಯ ಅರ್ಜಿಯಲ್ಲಿ ಬರೆದುಕೊಟ್ಟಿದ್ದೆವು. ಸಾಹುಕಾರರು ಮಾಡುತ್ತಿದ್ದುದೇ ಬೇರೆ. ಮೆಟ್ಟಿಲಿಳಿಯುವ ಮೊದಲು ಮೇಲಿನಿಂದಲೇ ಕೂಗುತ್ತಿದ್ದರು: "ಎರಡು ಟೀ ಹೇಳ್ರಪ್ಪಾ!" ಉಳಿದ ದಿನ ಅವರಿಗೆ ಒಂದೇ ಟೀ. ಎರಡು ಅಂದರೆ ತಪಾಸಣೆ. ಟೀ ಬಂದು, ಆರಿ, ಕುಡಿದು ಮುಗಿಯುವಷ್ಟರಲ್ಲಿ ಕ್ಯಾಷಿಯರ್ ಪಕ್ಕದ ಅಂಗಡಿಯ ಗಲ್ಲಾದಿಂದ ಕೈಗಡ ತಂದು ತುಂಬುತ್ತಿದ್ದ. ಎಣಿಕೆ ಮುಗಿದ ಮೇಲೆ ವಾಪಸ್ ಕೊಟ್ಟು ಬರುತ್ತಿದ್ದ. ಅವನಿಗೆ ಜ್ವರ ಬಂದು ಮನೆಯಲ್ಲಿ ಮಲಗಿದ ದಿನ ನಾನು ಗಲ್ಲಾ ತೆಗೆದೆ. ಅಂಗಡಿಯ ಲೆಕ್ಕ ಬರೆಯುವವಳು ನಾನೇ. ಟೀ ಇರಲಿಲ್ಲ, ದುಡ್ಡೂ ಇರಲಿಲ್ಲ.

ಕದ್ದವನ ಮೇಲೆ ನನಗೇನೂ ಕನಿಕರವಿಲ್ಲ. ಜೂಜಾಡಿ ಕಳೆದನಂತೆ. ಆದರೆ ಮರುದಿನ ಅವನ ಹೆಂಡತಿ ಬಂದು ಬಳೆ, ಸರ ಮಾರಿದ ಎರಡು ಲಕ್ಷವನ್ನು ಟವೆಲ್ಲಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು.

"ಯಜಮಾನ್ರೆ, ಪೊಲೀಸರ ಹತ್ರ ಹೋಗ್ಬೇಡಿ. ಮಕ್ಕಳ ಸ್ಕೂಲಲ್ಲಿ ತಲೆ ಎತ್ತೋಕಾಗಲ್ಲ. ಉಳಿದಿದ್ದು ನಾನೇ ದುಡಿದು ತೀರಿಸ್ತೀನಿ."

"ಛೆ ಛೆ, ನಾನೇನು ಕಟುಕನಾ? ನೀನು ನನ್ನ ತಂಗಿ ಇದ್ದ ಹಾಗೆ," ಅಂದರು ಸಾಹುಕಾರರು. ಉಗುಳು ಹಚ್ಚಿ ಹಚ್ಚಿ ಒಂದೊಂದೇ ನೋಟು ಎಣಿಸಿದರು. 

"ಅಕ್ಕಾ, ಒಂದು ರಸೀದಿ?" ಅಂದಳು ಅವಳು ನನ್ನ ಕಡೆ ತಿರುಗಿ. ಬರೆದುಕೊಟ್ಟೆ. ಸಾಹುಕಾರರ ಮುಖ ಹುಳಿ ಹಿಂಡಿದಂತಾಯಿತು.

ಅವಳು ಇನ್ನೂ ಬೀದಿ ದಾಟಿರಲಿಲ್ಲ, ಅಷ್ಟರಲ್ಲೇ ಅವರು ಶುರು ಮಾಡಿದರು: "ಇನ್ಶೂರೆನ್ಸ್‌ನವರಿಗೆ ನೋಟಿಸ್ ಬರಿಯಮ್ಮ. ಪೊಲೀಸ್ ದೂರೂ ಇವತ್ತೇ ಆಗ್ಲಿ, ಅದಿಲ್ದೆ ಅವರು ಕ್ಲೇಮ್ ಮುಟ್ಟಲ್ಲ."

"ಈಗ ತಾನೇ ತಂಗಿ ಅಂದ್ರಲ್ಲ?"

"ತಂಗಿಗೆ ಅಂತ ಮೂರು ಲಕ್ಷ ಬಿಡೋಕಾಗುತ್ತಾ?"

"ಸರಿ. ನಷ್ಟದಲ್ಲಿ ಇವಳು ಕೊಟ್ಟ ಎರಡು ಲಕ್ಷ ಕಳೀಬೇಕು. ಅವನ ಈ ತಿಂಗಳ ಸಂಬಳ ಹಿಡ್ಕೊಂಡಿದೀವಿ, ಅದನ್ನೂ ಕಳೀಬೇಕು. ಎರಡು ಲಕ್ಷ ಅರವತ್ತಾರು ಸಾವಿರ ಕೇಳಬಹುದು."

"ಎರಡು ಲಕ್ಷದ ಮಾತು ನಿನ್ನ ಬಾಯಿಂದ ಬರಕೂಡದು. ಪೂರ್ತಿ ಮೂರು ಬರ್ಲಿ."

ಅಂದರೆ ಕಳೆದದ್ದಕ್ಕಿಂತ ಹೆಚ್ಚು ಮನೆಗೆ ಬರುತ್ತದೆ. ಕದ್ದವನು ಕದ್ದ, ಇವರು ಕಳುವಿನ ಮೇಲೆ ಲಾಭ ಮಾಡಲು ಕೂತರು. ನಾನು ಬರೆಯಲಿಲ್ಲ. ಸಾಹುಕಾರರೇ ಬರೆದು, ಸಹಿ ಹಾಕಿ, ದೂರಿನ ಪ್ರತಿ ಲಗತ್ತಿಸಿ ಕಳಿಸಿದರು. ಸಂಜೆಯೇ ಪೊಲೀಸರು ಕ್ಯಾಷಿಯರ್‌ನನ್ನು ಹಾಸಿಗೆಯಿಂದ ಎಬ್ಬಿಸಿ ಕರೆದುಕೊಂಡು ಹೋದರು.

ವಾರದ ಮೇಲೆ ಸರ್ವೇಯರ್ ಬಂದರು. ನಷ್ಟ ಪರಿಶೀಲಿಸಲು ಕಂಪನಿ ಕಳಿಸಿದ ಮನುಷ್ಯ, ಸಣಕಲು ದೇಹ, ಚುರುಕು ಕಿವಿ.

"ಅವನಿಂದ ಏನಾದ್ರೂ ವಸೂಲಾಗಿದ್ಯಾ?"

"ಒಂದು ಕಾಸೂ ಇಲ್ಲ ಸಾರ್," ಅಂದರು ಸಾಹುಕಾರರು.

"ಪ್ರತಿ ತಿಂಗಳೂ ಹೇಳದೆ ಎಣಿಸ್ತಿದ್ರಾ?"

"ತಪ್ಪದೆ!"

"ಹಾಗಾದ್ರೆ ಇಷ್ಟು ದಿನ ಯಾಕೆ ಸಿಕ್ಕಿರ್ಲಿಲ್ಲ?"

ಸಾಹುಕಾರರಿಗೆ ಬಾಯೊಣಗಿತ್ತೋ ಏನೋ, ಅಭ್ಯಾಸಬಲದಿಂದ ಹೊರಗೆ ಕೂಗಿದರು: "ಎರಡು ಟೀ ಹೇಳ್ರಪ್ಪಾ!"

ಕೆಳಗಿನಿಂದ ಗೋಡೌನಿನವನ ದನಿ ಬಂತು: "ಇವತ್ತೂ ತಪಾಸಣೆನಾ ಯಜಮಾನ್ರೆ? ಕ್ಯಾಷಿಯರ್ರೇ ಇಲ್ವಲ್ಲ, ಪಕ್ಕದಂಗಡಿಗೆ ಯಾರು ಓಡ್ತಾರೆ?"

ಕೆಳಗೆಲ್ಲ ನಗು. ಸರ್ವೇಯರ್ ನಗಲಿಲ್ಲ. ನನ್ನ ಕಡೆ ನೋಡಿ, "ಏನಮ್ಮಾ ಇದು?" ಅಂದರು.

ಹೇಳಿದೆ. ಟೀ ವಿಷಯ, ಎರಡು ಲಕ್ಷದ ವಿಷಯ, ರಸೀದಿಯ ವಿಷಯ, ಎಲ್ಲ. "ಉಂಡ ಮನೆಗೆ ಎರಡು ಬಗೀತೀಯಾ?" ಎಂದು ಸಾಹುಕಾರರು ಹಲ್ಲು ಕಡಿದರು. ಆ ಮನೆಯ ಅನ್ನದ ಋಣ ಅವರು ಆ ನೋಟು ಎಣಿಸಿದ ದಿನವೇ ಹರಿದಿತ್ತು.

ಅರ್ಜಿಯಲ್ಲಿ ಒಪ್ಪಿಕೊಂಡಂತೆ ತಪಾಸಣೆ ಮಾಡಿಲ್ಲ, ವಸೂಲಿಯ ಬಗ್ಗೆ ಸುಳ್ಳು ಹೇಳಿದ್ದಾರೆ ಎಂದು ಕಂಪನಿ ಕ್ಲೇಮನ್ನು ಪೂರ್ತಿ ತಿರಸ್ಕರಿಸಿತು.

ಸಾಹುಕಾರರು ಕಳೆದುಕೊಂಡದ್ದು ಎರಡು ಲಕ್ಷ ಅರವತ್ತಾರು ಸಾವಿರ. ನಾನು ಕೆಲಸ ಕಳೆದುಕೊಂಡೆ. ಕ್ಯಾಷಿಯರ್‌ನ ಹೆಂಡತಿಯ ಬಳೆಯೂ ಹೋಯಿತು, ಸರವೂ ಹೋಯಿತು, ಗಂಡ ಜೈಲಿಗೂ ಹೋದ. ಅವಳ ಬಳಿ ಉಳಿದದ್ದು ರಸೀದಿ ಮಾತ್ರ. ಜಾಮೀನಿನ ದಿನ, ದುಡ್ಡು ಮರಳಿಸಿದ್ದಕ್ಕೆ ಸಾಕ್ಷಿಯಾಗಿ ಅವಳ ವಕೀಲರು ನ್ಯಾಯಾಧೀಶರಿಗೆ ಕೊಟ್ಟದ್ದು ಅದನ್ನೇ. ಜಾಮೀನು ಸಿಕ್ಕಿತು.