ಗೆರೆಗೆ ತಾಗಿದ ಬಾಣ

ಮೈದಾನದ ಮೆಟ್ಟಿಲ ಮೇಲೆ ಕೂತ ಟೈಲರಮ್ಮ ಧೂಳಿನಲ್ಲಿ ಒಂದರೊಳಗೊಂದು ವೃತ್ತ ಬರೆದು ತೋರಿಸುತ್ತಿದ್ದಳು. ಅವಳ ಮಗಳ ಎದುರಾಳಿ ಹುಡುಗಿಯ ಅಪ್ಪನಾದ ಬಸ್ ಡ್ರೈವರು ಮತ್ತು ಅವನ ತಾಯಿ ಬಿಲ್ಲುಗಾರಿಕೆ ನೋಡಲು ಬಂದದ್ದು ಇದೇ ಮೊದಲು.

"ಹೊರಗಿನ ಬಿಳಿಗೆ ಒಂದು, ಎರಡು. ಕಪ್ಪಿಗೆ ಮೂರು, ನಾಲ್ಕು. ನೀಲಿ, ಕೆಂಪು ದಾಟಿ ಹಳದಿಗೆ ಬಂದ್ರೆ ಒಂಬತ್ತು, ನಟ್ಟನಡುವೆ ಹತ್ತು. ಮೂರು ಬಾಣಕ್ಕೆ ಒಂದು ಎಂಡ್, ಹೆಚ್ಚಂದ್ರೆ ಐದು ಎಂಡ್. ಅದ್ರಲ್ಲಿ ಹೆಚ್ಚು ಕೂಡಿಸಿದೋರಿಗೆ ಎರಡು ಪಾಯಿಂಟು, ಸಮ ಆದ್ರೆ ತಲಾ ಒಂದು. ಮೊದಲು ಆರು ಮುಟ್ಟಿದೋರು ಗೆದ್ದಂಗೆ."

"ಎಲ್ಲಾ ಬಾಣಾನೂ ನಡುವಿಗೇ ಹೊಡೆದ್ರೆ ಇಷ್ಟೊಂದು ಲೆಕ್ಕ ಯಾಕಮ್ಮಾ?" ಎಂದಳು ಮುದುಕಿ.

"ಐದೂ ಎಂಡ್ ಮುಗಿದ್ರೂ ಐದು-ಐದೇ ಆಗಿದ್ರೆ ಅಕ್ಕಾ?" ಎಂದ ಡ್ರೈವರು.

ಟೈಲರಮ್ಮನ ಬೆರಳು ಧೂಳಿನಲ್ಲೇ ನಿಂತಿತು. "ಶೂಟ್-ಆಫ್. ತಲಾ ಒಂದೇ ಬಾಣ. ಅಂಕ ಹೆಚ್ಚಿದ್ದೋರು ಗೆದ್ರು. ಅದೂ ಸಮ ಆದ್ರೆ ನಡುವಿಗೆ ಯಾರ ಬಾಣ ಹತ್ತಿರವೋ ಅವ್ರು."

ಹಿಂದಿನ ಪಂದ್ಯದ ಶೂಟ್-ಆಫ್‌ನಲ್ಲಿ ಅವಳ ಮಗಳು ಬಿಲ್ಲು ಎಳೆದು ನಿಂತವಳು ನಿಂತೇ ಇದ್ದಳು. ಬೆರಳು ಹೆದೆ ಬಿಡಲೇ ಇಲ್ಲ. ಇಪ್ಪತ್ತು ಸೆಕೆಂಡು ಮುಗಿದು ಸದ್ದಾದಾಗಲೂ ಬಾಣ ಬಿಲ್ಲಿನಲ್ಲೇ ಇತ್ತು. ಆಮೇಲೆ ವಾರಗಟ್ಟಲೆ ಹುಡುಗಿ ನಿದ್ದೆಯಲ್ಲೂ ಬೆರಳು ಮಡಚುತ್ತಿದ್ದಳು. ಇನ್ನೊಮ್ಮೆ ಹಾಗಾದರೆ ಮಗಳು ಬಿಲ್ಲನ್ನೇ ಮೂಲೆಗಿಡುತ್ತಾಳೆಂಬ ಭಯ ತಾಯಿಯನ್ನು ಬಿಟ್ಟಿರಲಿಲ್ಲ. ಇವತ್ತು ಗೆದ್ದವಳಿಗೆ ತರಬೇತಿ ಶಿಬಿರದ ಕೊನೆಯ ಜಾಗ.

ಅಷ್ಟರಲ್ಲಿ ಕರೆ ಬಂತು. ಗುರಿಹಲಗೆಯ ಬಳಿ ಹೋಗಿ ಬಾಣದ ಅಂಕ ಕೂಗಲು ಎರಡೂ ಕಡೆಯಿಂದ ಒಬ್ಬೊಬ್ಬರು ಬೇಕು. ಕೋಚ್‌ಗಳು ಮಕ್ಕಳ ಹಿಂದೆ ನಿಲ್ಲುವುದರಿಂದ ಆ ಕೆಲಸ ಮನೆಯವರ ಪಾಲಿಗೆ. "ಅಂಕ ಬರ್ಕೊಳ್ಳೋ ತನಕ ಬಾಣಕ್ಕಾಗಲಿ, ಹಲಗೆಗಾಗಲಿ ಕೈ ತಾಗಿಸ್ಬೇಡಿ," ಎಂದು ಟೈಲರಮ್ಮ ದಾರಿಯಲ್ಲಿ ಎಚ್ಚರಿಸಿದಳು. ಡ್ರೈವರು ಪಾಪ, ಕೈ ಹಿಂದಕ್ಕೆ ಕಟ್ಟಿಕೊಂಡೇ ನಡೆದ.

ನಾಲ್ಕು ಎಂಡ್ ಮುಗಿದಾಗ ನಾಲ್ಕು-ನಾಲ್ಕು. ಐದನೆಯದರಲ್ಲಿ ಟೈಲರಮ್ಮನ ಮಗಳದು ಮೂರು ಒಂಬತ್ತು, ಇಪ್ಪತ್ತೇಳು. ಡ್ರೈವರು ತನ್ನ ಮಗಳ ಬಾಣಗಳತ್ತ ಬಗ್ಗಿ ಕೂಗಿದ: "ಒಂಬತ್ತು, ಒಂಬತ್ತು, ಎಂಟು."

ಇಪ್ಪತ್ತಾರು. ಆರು-ನಾಲ್ಕು. ತನ್ನ ಮಗಳು ಗೆದ್ದಳು, ಶೂಟ್-ಆಫ್ ಇಲ್ಲ! ಟೈಲರಮ್ಮನ ಎದೆ ಹಗುರಾಯಿತು. ಮರುಕ್ಷಣವೇ ಆ ಮೂರನೆಯ ಬಾಣ ಕಣ್ಣಿಗೆ ಬಿತ್ತು. ಕೆಂಪಿನಲ್ಲಿ ಕೂತಿದ್ದರೂ ಅದರ ಮೈ ಹಳದಿಯ ಗೆರೆಗೆ ತಾಗಿತ್ತು. ಗೆರೆ ತಾಗಿದರೆ ಹೆಚ್ಚಿನ ಅಂಕವೇ ಸಲ್ಲಬೇಕು. ಅದೊಂದನ್ನು ಮಾತ್ರ ಅವಳು ಡ್ರೈವರನಿಗೆ ಹೇಳಿಕೊಟ್ಟಿರಲಿಲ್ಲ.

ಬೇಕೆಂದೇ ಬಿಟ್ಟದ್ದಲ್ಲ, ಮರೆತದ್ದು. ಆದರೆ ಈಗ ಸುಮ್ಮನಿದ್ದರೆ ಅದು ಮರೆವಲ್ಲ. ಬಾಣ ಕಿತ್ತ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಡ್ರೈವರು ಅವಳ ಮುಖವನ್ನೇ ನೋಡುತ್ತಿದ್ದ. "ಸರಿ ಕೂಗಿದ್ನಾ ಅಕ್ಕಾ? ಕೀಳ್ಲಾ?"

ದೂರದಲ್ಲಿ ಮಗಳು ಕಡ್ಡಿಯ ಹಾಗೆ ನಿಂತಿದ್ದಳು.

"ತಡೀರಿ," ಎಂದಳು. ತನ್ನದೇ ದನಿ ಅವಳಿಗೆ ಅಪರಿಚಿತವೆನಿಸಿತು. "ಗೆರೆ ತಾಗಿದೆ. ಜಡ್ಜ್‌ನ ಕರೀತೀನಿ."

ಜಡ್ಜ್ ಬಂದು ಭೂತಗನ್ನಡಿ ಹಿಡಿದು ಎರಡೂ ಬದಿಯಿಂದ ನೋಡಿದರು. "ಒಂಬತ್ತು." ಇಪ್ಪತ್ತೇಳಕ್ಕೆ ಇಪ್ಪತ್ತೇಳು. ಐದು-ಐದು.

"ಅಂದ್ರೆ... ಶೂಟ್-ಆಫಾ?" ಡ್ರೈವರು ಪಿಸುಗುಟ್ಟಿದ. ಅವಳು ಹೌದೆಂದು ತಲೆಯಾಡಿಸಿದಳು.

ಬದಿಯ ಬೇಲಿಯಾಚೆ ಇಬ್ಬರೂ ಕಾದು ನಿಂತರು. ಡ್ರೈವರನ ಮಗಳು ಮೊದಲು ಹೊಡೆದಳು. ಹಳದಿ, ಒಂಬತ್ತು. ಆಮೇಲೆ ಟೈಲರಮ್ಮನ ಮಗಳು ಬಿಲ್ಲು ಎಳೆದಳು. ಸಮಯದ ಫಲಕ ಹತ್ತಕ್ಕಿಳಿಯಿತು, ಆರಕ್ಕಿಳಿಯಿತು. ಬೆರಳು ಬಿಡಲಿಲ್ಲ. ಮೂರು. ನನ್ನ ಕೈಯಾರೆ ಮಗುವನ್ನು ಅಲ್ಲಿ ನಿಲ್ಲಿಸಿದೆನಲ್ಲ ಎಂದು ಟೈಲರಮ್ಮ ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದಳು. ಎರಡು.

ಠಪ್ ಎಂದಿತು ಹಲಗೆ.

ಅದೂ ಒಂಬತ್ತೇ. ಜಡ್ಜ್ ನಡುವಿನಿಂದ ಎರಡೂ ಬಾಣಗಳ ದೂರ ಅಳೆದರು. ಮತ್ತೊಮ್ಮೆ ಅಳೆದರು. ಕೈ ಎತ್ತಿದ್ದು ಡ್ರೈವರನ ಮಗಳ ಕಡೆಗೆ.

ಹಲಗೆಯ ಬಳಿಯಿಂದ ಮಕ್ಕಳು ನಿಂತಲ್ಲಿಗೆ ಎಪ್ಪತ್ತು ಮೀಟರ್ ಹಿಂದಕ್ಕೆ ನಡೆಯುವುದರಲ್ಲಿ ಟೈಲರಮ್ಮನಿಗೆ ಸಾಕುಸಾಕಾಯಿತು. ಮಗಳಿಗೆ ಏನೆನ್ನುವುದು? ಗೆದ್ದದ್ದನ್ನು ನಾನೇ ಕಿತ್ತುಕೊಂಡೆ ಎನ್ನುವುದೇ?

ಮಗಳು ಬೆರಳಿನ ಚರ್ಮದ ಪಟ್ಟಿ ಬಿಚ್ಚುತ್ತಿದ್ದಳು. ಕಣ್ಣು ಕೆಂಪಾಗಿತ್ತು. "ಜಡ್ಜ್‌ನ ಕರೆದಿದ್ದು ಯಾರಮ್ಮಾ?"

"ನಾನೇ ಕಣೇ."

ಹುಡುಗಿ ಉಸಿರು ಬಿಟ್ಟಳು. "ದುರ್ಬೀನಿನಲ್ಲಿ ನಂಗೂ ಕಾಣ್ತು, ಗೆರೆ ತಾಗಿದಂಗೆ. ನೀನೆಲ್ಲಿ ಸುಮ್ನಿದ್ದುಬಿಡ್ತೀಯೋ ಅಂತ ಎಷ್ಟು ಹೆದರಿದ್ದೆ ಗೊತ್ತಾ?"