ಮಾಡಿದವರು ಯಾರು

ಬಸ್ರಾದ ದೊಡ್ಡ ಮಸೀದಿಯ ಅಂಗಳದಲ್ಲಿ ಸಾಲಿನಲ್ಲಿ ಶಬೀಬನ ಮುಂದೆ ಇನ್ನು ಮೂರೇ ಜನ ಉಳಿದಿದ್ದರು. ಬೆನ್ನೆಲ್ಲ ಬೆವರು, ಅದು ಸೆಕೆಯ ಬೆವರಲ್ಲ. ಆಚೆ ಕಂಬಕ್ಕೆ ಕಟ್ಟಿಸಿಕೊಂಡು ಚಾಟಿಯೇಟು ತಿನ್ನುತ್ತಿದ್ದವನ ಕೂಗು ಈಗತಾನೇ ನಿಂತಿತ್ತು. ಕೂಗುವಾಗಿನ ಹೆದರಿಕೆಗಿಂತ ನಿಂತಮೇಲಿನ ಹೆದರಿಕೆಯೇ ಹೆಚ್ಚಾಗಿತ್ತು.

ಹಳೆಯ ಖಾಜಿಯ ಕಾಲದಲ್ಲಿ ಶಬೀಬ ನ್ಯಾಯಾಲಯದಲ್ಲಿ ಹೇಳಿಕೆ ಬರೆದುಕೊಳ್ಳುವ ಲಿಪಿಕಾರನಾಗಿದ್ದ. ಪಂಥದಿಂದ ಮುಅತಜಿಲಿ, ಅಂದರೆ ತರ್ಕವನ್ನೇ ನೆಚ್ಚಿ ವಾದಕ್ಕೆ ಕುಳಿತರೆ ಊಟ ಮರೆಯುವ ಜಾತಿ. ಆಗ ಖಲೀಫರೇ ಅವರ ಕಡೆಗಿದ್ದರು. ದೇವರೊಬ್ಬನೇ ಅನಾದಿ, ಅವನ ಜೊತೆ ಇನ್ನೊಂದು ಅನಾದಿ ಇರಲಾರದು, ಆದ್ದರಿಂದ ಕುರ್‌ಆನ್ ಕೂಡ ಸೃಷ್ಟಿಯಾದದ್ದೇ ಎಂದು ಒಪ್ಪದವನ ಸಾಕ್ಷಿ ನ್ಯಾಯಾಲಯದಲ್ಲಿ ನಡೆಯುತ್ತಿರಲಿಲ್ಲ. ಒಳ್ಳೆಯದನ್ನು ಹೇಳಬೇಕು, ಕೆಟ್ಟದ್ದನ್ನು ತಡೆಯಬೇಕು ಎಂಬ ತಮ್ಮ ಪಂಥದ ಐದನೆಯ ತತ್ತ್ವದ ಹೆಸರಿನಲ್ಲಿ ಇವರೂ ಚಾಟಿ ಎತ್ತಿದ್ದರು. ಈಗ ಖಲೀಫರು ಬದಲಾಗಿದ್ದರು, ಚಾಟಿ ಕೈ ಬದಲಾಯಿಸಿತ್ತು. ನಾಚಿಕೆಗೇಡು ಎರಡು ಕಡೆಗೂ ಸಮ.

ಹೊಸ ಖಾಜಿ ಕೇಳುತ್ತಿದ್ದದ್ದು ಒಂದೇ ಸಾಲಿಗೆ ಸಹಿ: ‘ಮನುಷ್ಯ ಮಾಡುವುದೆಲ್ಲ, ಒಳ್ಳೆಯದೂ ಕೆಟ್ಟದ್ದೂ, ದೇವರ ಸೃಷ್ಟಿ.’ ಹಾಕದವನಿಗೆ ಚಾಟಿ. ಸಹಿಗೆ ಊರು ನಂಬುವ ಸಾಕ್ಷಿಯೊಬ್ಬ ಬೇಕು. ಆ ಸಾಕ್ಷಿಯಾಗಿ ಕುಳಿತಿದ್ದವನು ಹಗ್ಗ ಹೊಸೆಯುವ ಮುದುಕ ರಬಾಹ್. ಅವನನ್ನು ಕಂಡಕೂಡಲೇ ಶಬೀಬ ಮುಖ ತಿರುಗಿಸಿದ.

ರಬಾಹನ ಮಗ ಹುರೈಸನನ್ನು ಹಿಂದೆ ವಿಚಾರಣೆಗೆ ತಂದಾಗ ಆ ಹುಡುಗ, "ಕುರ್‌ಆನ್ ದೇವರ ಮಾತು, ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ," ಎಂದಿದ್ದ. ಹಾಗೆಯೇ ಬರೆದಿದ್ದರೆ ಬಿಟ್ಟುಕಳಿಸುತ್ತಿದ್ದರೇನೋ. ತನ್ನ ನಿಷ್ಠೆಯ ಮೇಲೆ ಖಾಜಿಗೆ ಅನುಮಾನ ಬಂದೀತೆಂದು ಶಬೀಬ ‘ಒಪ್ಪಲಿಲ್ಲ’ ಎಂದು ಬರೆದ. ಹುಡುಗ ಸೆರೆಮನೆಯಲ್ಲೇ ಸತ್ತ.

ಶಬೀಬನ ಸರದಿ ಬಂತು. ರಬಾಹ್ ಕಾಗದವನ್ನು ಮುಂದಕ್ಕೆ ತಳ್ಳಿದ.

"ಹಾಕಪ್ಪಾ ಸಹಿ," ಎಂದ ಮೆಲ್ಲಗೆ. "ಯಾಕೆ ಹಿಂದೆಮುಂದೆ ನೋಡ್ತೀಯಾ? ಹುರೈಸನ ಹೇಳಿಕೆ ಬರೆದದ್ದು ನೆನಪಾಯ್ತಾ? ಬಿಡು ಮಾರಾಯ. ನೀನು ಬರೀಬೇಕು ಅಂತ ದೇವರೇ ಮಾಡಿಟ್ಟಿದ್ದ, ನೀನು ಬರೆದೆ. ನಿನ್ನದೇನೂ ಇಲ್ಲ."

ಎಷ್ಟು ಮೆತ್ತಗಿನ ಮಾತು! ಒಂದು ಸಹಿ ಹಾಕಿದರೆ ಬೆನ್ನೂ ಉಳಿಯುತ್ತದೆ, ಎದೆಯ ಭಾರವೂ ಇಳಿಯುತ್ತದೆ. ಶಬೀಬ ಲೇಖನಿ ಎತ್ತಿಕೊಂಡ. ಆಗಲೇ ಅವನಿಗೆ ನಿಜವಾದ ಭಯ ಹತ್ತಿಕೊಂಡಿತು. ಪಾಪವನ್ನು ತಾನೇ ಮಾಡಿಸಿ ಮನುಷ್ಯನನ್ನು ನರಕಕ್ಕೆ ನೂಕುವವನು ದೇವರಾಗಲಾರ, ದೇವರು ನ್ಯಾಯವಂತ. ಹಾಗಾದರೆ ಬರೆದವನು ತಾನೇ. ಮಹಾಪಾಪಿ ವಿಶ್ವಾಸಿಯೂ ಅಲ್ಲ, ಕಾಫಿರನೂ ಅಲ್ಲ, ನಡುವೆ ನಿಂತವನು ಎಂದು ಎಷ್ಟೋ ಜನರ ಬಗ್ಗೆ ವಾದಿಸಿದ್ದ. ಆ ನಡುವಿನ ಜಾಗದಲ್ಲಿ ಇಷ್ಟು ದಿನ ನಿಂತಿದ್ದದ್ದು ಅವನೇ. ದೇವರ ವಾಗ್ದಾನ ಹೇಗೆ ಸುಳ್ಳಾಗದೋ ಬೆದರಿಕೆಯೂ ಹಾಗೆಯೇ ಸುಳ್ಳಾಗದು. ಪಶ್ಚಾತ್ತಾಪವಿಲ್ಲದೆ ಸತ್ತರೆ ಬೆಂಕಿ, ಅದಕ್ಕೆ ಕೊನೆಯಿಲ್ಲ, ಯಾರ ಶಿಫಾರಸ್ಸೂ ಅಲ್ಲಿ ನಡೆಯದು. ಸಹಿ ಹಾಕಿ, ತಾನು ಮಾಡಲೇ ಇಲ್ಲ ಎಂದಮೇಲೆ ಪಶ್ಚಾತ್ತಾಪ ಪಡುವುದು ಯಾವುದಕ್ಕೆ?

ಲೇಖನಿಯನ್ನು ಕೆಳಗಿಟ್ಟ.

"ಚಿಕ್ಕಪ್ಪಾ, ದೇವರು ಮಾಡಿದ್ದಲ್ಲ ಅದು. ನಾನೇ ಮಾಡಿದ್ದು."

"ಏಯ್, ಸುಮ್ನಿರೋ! ಖಾಜಿ ಕೇಳಿಸ್ಕೊಳ್ತಾರೆ."

"ಬರೆಯೋಕೆ ಮುಂಚೆ ಬರೆಯೋ ಶಕ್ತಿನೂ ಇತ್ತು, ಬಿಡೋ ಶಕ್ತಿನೂ ಇತ್ತು. ಎರಡನ್ನೂ ದೇವರು ಕೊಟ್ಟಿದ್ದ. ಆರಿಸ್ಕೊಂಡಿದ್ದು ನಾನು. ನಿಮ್ಮ ಮಗ ಒಪ್ಪಲ್ಲ ಅಂತ ಹೇಳ್ಲೇ ಇಲ್ಲ. ನಾನು ಸುಳ್ಳು ಬರೆದೆ, ಹೆದರಿ ಬರೆದೆ."

ರಬಾಹನ ಮುಖ ನಿಧಾನವಾಗಿ ಬದಲಾಯಿತು. ಸುಳ್ಳು ಬರೆದದ್ದು ಅವನಿಗೆ ಇಂದಿನವರೆಗೆ ಗೊತ್ತಿರಲಿಲ್ಲ.

"ದೇವರ ಇಚ್ಛೆ ಅಂದ್ಕೊಂಡು ನಾನು ಒಂದು ದಿನಾನೂ ಗಟ್ಟಿಯಾಗಿ ಅಳಲಿಲ್ಲ ಕಣೋ," ಎಂದ. ದನಿ ಒಡೆದಿತ್ತು. "ಈಗ ಮಾಡಿದ್ದು ನೀನು ಅಂತೀಯಾ?"

"ನಾನೇ. ನನ್ನನ್ನು ಕ್ಷಮಿಸಿ ಚಿಕ್ಕಪ್ಪಾ. ಅನ್ಯಾಯ ಆದೋರು ಕ್ಷಮಿಸೋ ತನಕ ನನ್ನ ಪಶ್ಚಾತ್ತಾಪ ಪೂರ್ತಿ ಆಗಲ್ಲ."

"ಕ್ಷಮಿಸೋದು ಯಾರ ಕೆಲಸ? ದೇವರು ನನ್ನ ಕೈಲಿ ಮಾಡಿಸೋದಾ?"

"ಇಲ್ಲ. ನಿಮ್ಮದೇ."

"ಕ್ಷಮಿಸದೇ ಇರೋದು?"

ಇಪ್ಪತ್ತು ವರ್ಷ ಇದೇ ಮಾತನ್ನು ವಾದಿಸಿ ಗೆದ್ದವನಿಗೆ ಇದೊಂದು ಸಲ ಸೋಲಬೇಕೆನಿಸಿತು. ಆದರೂ ಹೇಳಿದ. "ಅದೂ ನಿಮ್ಮದೇ."

ರಬಾಹ್ ಎದ್ದು ಸಹಿಯಿಲ್ಲದ ಕಾಗದವನ್ನು ಖಾಜಿಯ ಮುಂದಿಟ್ಟ. "ಇವನು ಸಹಿ ಹಾಕಲಿಲ್ಲ. ನಾನು ಸಾಕ್ಷಿ," ಎಂದ. ನಡೆದದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಭಟರು ಶಬೀಬನ ರಟ್ಟೆ ಹಿಡಿದು ಕಂಬದ ಕಡೆ ಎಳೆದರು. ಅವನು ಚಾಟಿಯ ಕಡೆ ನೋಡಲಿಲ್ಲ, ಮುದುಕನ ಬಾಯನ್ನೇ ನೋಡುತ್ತಿದ್ದ.

"ಚಿಕ್ಕಪ್ಪಾ! ಒಂದು ಮಾತು ಹೇಳಿ!"

ರಬಾಹನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಯೋಚನೆ ಮಾಡ್ತಿದ್ದೀನಿ," ಎಂದ. "ಎರಡಕ್ಕೂ ಶಕ್ತಿ ಇದೆ ಅಂದೆಯಲ್ಲ. ಇನ್ನೂ ಯೋಚನೆ ಮಾಡ್ತಿದ್ದೀನಿ."